ಹಿಟ್ಟು ಹೊಸ್ತಿಲು ದಾಟಿದ ಮೇಲೆ

ಹಲಸೂರಿನ ಗಲ್ಲಿಯೊಂದರಲ್ಲಿ ನಮ್ಮದೊಂದು ಹಳೆಯ ಮನೆ ಇದೆ. ಸ್ವಂತದ್ದು. ಆದರೂ ಅದಕ್ಕೆ ನಾವು ತಿಂಗಳು ತಿಂಗಳೂ ಬಾಡಿಗೆ ಕೊಡುತ್ತೇವೆ, ಅದೂ ನಮಗೇ! ಇದು ನನ್ನ ತಮಾಷೆಯಲ್ಲ, ದೇಶದ ಲೆಕ್ಕ. ರಾಷ್ಟ್ರೀಯ ಆದಾಯ ಎಣಿಸುವವರು ಸ್ವಂತ ಮನೆಯಲ್ಲಿರುವವರನ್ನು ಮಾಲೀಕರೂ ಹೌದು, ಬಾಡಿಗೆದಾರರೂ ಹೌದು ಎಂದು ಭಾವಿಸುತ್ತಾರೆ. ಅಂಥದೇ ಮನೆಗಳಿಗೆ ಎಷ್ಟು ಬಾಡಿಗೆ ನಡೆಯುತ್ತಿದೆ ಎಂದು ನೋಡಿ, ಇದಕ್ಕೂ ಒಂದು ಮೊತ್ತ ಹಾಕಿಕೊಳ್ಳುತ್ತಾರೆ. ಹಾಗೆ ಮಾಡದಿದ್ದರೆ, ಬಾಡಿಗೆಗಿರುವವರೆಲ್ಲ ನಾಳೆ ಅದೇ ಮನೆಗಳನ್ನು ಕೊಂಡುಕೊಂಡರೆ, ಒಂದು ಇಟ್ಟಿಗೆಯೂ ಕದಲದೆ ದೇಶದ ಆದಾಯ ಇಳಿದುಬಿಡುತ್ತದೆ. ತರ್ಕವೇನೋ ಸರಿ.

ಇದನ್ನು ಅಮ್ಮನಿಗೆ ವಿವರಿಸಿದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, "ಮನೆಗೆ ಬಾಡಿಗೆ ಹಾಕ್ತಾರೆ ಸರಿ, ಮನೆ ನಡೆಸೋಳಿಗೆ ಏನು ಹಾಕ್ತಾರೆ?" ಎಂದಳು.

"ಏನೂ ಇಲ್ಲಮ್ಮ."

"ಹಾಗಾದ್ರೆ ಲೆಕ್ಕ ಬರೆದೋರು ಗಂಡಸರೇ ಇರಬೇಕು" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಬರೆದವರಲ್ಲಿ ಒಬ್ಬರು ನಮ್ಮ ಊರಿಗೆ ಬೇಕಾದವರೇ: ವಿ.ಕೆ.ಆರ್.ವಿ. ರಾವ್. ಹಲಸೂರಿನಿಂದ ಊರಿನ ಇನ್ನೊಂದು ತುದಿಗಿರುವ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರು, ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಅವರಿಗಿಂತ ಮೊದಲು ದಾದಾಭಾಯಿ ನವರೋಜಿ 1867-68ರ ಭಾರತದಲ್ಲಿ ತಲೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿ ಆದಾಯ ಎಂದು ಅಂದಾಜು ಮಾಡಿದ್ದರು. ಕೇಂಬ್ರಿಜ್‌ನಲ್ಲಿ ಓದಿದ ರಾವ್ 1931-32ನೇ ಸಾಲನ್ನು ಹಿಡಿದು ಇನ್ನೂ ಶಾಸ್ತ್ರೀಯವಾಗಿ ಲೆಕ್ಕ ಹಾಕಿದರು. ಬೇಸಾಯಕ್ಕೆ ಒಂದು ದಾರಿ: ಎಷ್ಟು ಬೆಳೆಯಿತು, ಏನು ಬೆಲೆ ಎಂದು ನೋಡಿ ಬೀಜ ಮುಂತಾದ ಖರ್ಚು ಕಳೆಯುವುದು. ವ್ಯಾಪಾರ, ಚಾಕರಿ, ವಕೀಲಿಕೆಯಂಥ ಕಸುಬುಗಳಿಗೆ ಇನ್ನೊಂದು ದಾರಿ: ಎಷ್ಟು ಜನ ಆ ಕೆಲಸದಲ್ಲಿದ್ದಾರೆ, ತಲೆಗೆ ಎಷ್ಟು ಸಂಪಾದನೆ ಎಂದು ನೋಡಿ ಗುಣಿಸುವುದು. ಎರಡನ್ನೂ ಕೂಡಿಸಿದಾಗ ತಲೆಗೆ ವರ್ಷಕ್ಕೆ 62 ರೂಪಾಯಿ ಬಂತು. ರಾವ್ ಆ ಸರಾಸರಿಗೆ ನಿಲ್ಲಲಿಲ್ಲ. ಒಡೆದು ನೋಡಿದರು. ಹಳ್ಳಿಯವನಿಗೆ 51, ಪಟ್ಟಣದವನಿಗೆ 166. ಅರವತ್ತೆರಡು ರೂಪಾಯಿಯ ಭಾರತೀಯ ಹಳ್ಳಿಯಲ್ಲೂ ಇರಲಿಲ್ಲ, ಪೇಟೆಯಲ್ಲೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿ ಮಾಡಿದಾಗ ಮಹಲನೋಬಿಸ್ ಅಧ್ಯಕ್ಷರು, ಗಾಡ್ಗೀಳ್ ಮತ್ತು ರಾವ್ ಸದಸ್ಯರು. ಇವತ್ತಿನ ಲೆಕ್ಕದ ಬೇರು ಅಲ್ಲಿದೆ. ಆ ಲೆಕ್ಕದಲ್ಲಿ ರೈತ ಬೆಳೆದು ಮಾರಿದ ರಾಗಿಗಷ್ಟೇ ಅಲ್ಲ, ತಾನೇ ಉಂಡ ರಾಗಿಗೂ ಬೆಲೆ ಕಟ್ಟುತ್ತಾರೆ. ಆದರೆ ಆ ರಾಗಿಯ ಹಿಟ್ಟನ್ನು ಒಲೆಯ ಮುಂದೆ ಕೂತು ತೊಳಸಿ ಮುದ್ದೆ ಕಟ್ಟಿದ ಕೆಲಸಕ್ಕೆ ಬೆಲೆ ಇಲ್ಲ. ರಾಗಿ ಲೆಕ್ಕಕ್ಕೆ ಬಂತು, ಮುದ್ದೆ ಬರಲಿಲ್ಲ.

ಈ ಗೆರೆ ಎಲ್ಲಿ ಹಾಯುತ್ತದೆ ಎಂದು ನೋಡಲು ನಾನು ದೂರ ಹೋಗಬೇಕಿಲ್ಲ, ಎದುರು ಮನೆಯ ಅಕ್ಕನ ಗ್ರೈಂಡರ್ ಸಾಕು. ಅಕ್ಕ ದೋಸೆ ಹಿಟ್ಟು ರುಬ್ಬಿ ಬೀದಿಯವರಿಗೆ ಮಾರುತ್ತಾರೆ. ಒಂದು ಸಲಕ್ಕೆ ಮೂರು ಕೆ.ಜಿ. ಅಕ್ಕಿ, ಒಂದು ಕೆ.ಜಿ. ಉದ್ದು. ಅಕ್ಕಿಗೆ 150, ಉದ್ದಿಗೆ 130, ಮೆಂತ್ಯ, ಉಪ್ಪು, ಕರೆಂಟು, ಕವರು ಎಲ್ಲ ಸೇರಿ 40. ಖರ್ಚು 320. ಒಂಬತ್ತು ಕೆ.ಜಿ. ಹಿಟ್ಟು ಎದ್ದು, ಕೆ.ಜಿ.ಗೆ ಅರವತ್ತರಂತೆ 540 ಬಂತೆನ್ನಿ. ದೇಶದ ಆದಾಯಕ್ಕೆ ಸೇರುವುದು ಆ 540 ಅಲ್ಲ. ಅಕ್ಕಿ, ಉದ್ದು, ಕರೆಂಟಿನ ಬೆಲೆ ಬೆಳೆದವರ, ಮಾರಿದವರ ಬಾಬ್ತಿನಲ್ಲಿ ಆಗಲೇ ಸೇರಿಹೋಗಿದೆ. ಅದನ್ನು ಮತ್ತೆ ಎಣಿಸದೆ, ಅಕ್ಕ ತಮ್ಮ ದುಡಿಮೆಯಿಂದ ಹೆಚ್ಚಿಸಿದ 220 ರೂಪಾಯಿಯನ್ನಷ್ಟೇ ಸೇರಿಸುತ್ತಾರೆ. ಗ್ರೈಂಡರ್ ಸವೆಯುವುದನ್ನೂ ಕಳೆದರೆ ನಿವ್ವಳ, ಕಳೆಯದಿದ್ದರೆ ಒಟ್ಟು. ಪೇಪರಿನಲ್ಲಿ ದೊಡ್ಡಕ್ಷರದಲ್ಲಿ ಬರುವ ಜಿಡಿಪಿ ಸವೆತ ಕಳೆಯದ ಲೆಕ್ಕ.

ಈಗ ಅದೇ ಗ್ರೈಂಡರಿನಿಂದ ಅಕ್ಕ ಒಂದು ಪಾತ್ರೆ ಹಿಟ್ಟನ್ನು ಮನೆಗೆಂದು ತೆಗೆದಿಟ್ಟು ಮಕ್ಕಳಿಗೆ ದೋಸೆ ಹುಯ್ದರು. ಆ ಅಡುಗೆ ಶೂನ್ಯ. ಮಕ್ಕಳು ಅದನ್ನು ಬಿಟ್ಟು ಹೋಟೆಲಿಗೆ ಹೋಗಿ ತಿಂದರೆ ಜಿಡಿಪಿ ಏರುತ್ತದೆ. ನಮ್ಮ ಅಮ್ಮ ಒರಳುಕಲ್ಲಿನ ಮುಂದೆ ಕೂತು ರುಬ್ಬುತ್ತಿದ್ದ ಕಾಲದಿಂದ ನಾನು ಪ್ಯಾಕೆಟ್ ಹಿಟ್ಟು ತರುವ ಕಾಲದವರೆಗೆ ದೇಶ ಕಂಡ ಬೆಳವಣಿಗೆಯಲ್ಲಿ ಒಂದಿಷ್ಟು, ಕೆಲಸ ಹೊಸ್ತಿಲು ದಾಟಿ ಅಂಗಡಿಗೆ ಹೋದದ್ದರಿಂದಲೇ ಆದದ್ದು. ಹಾಗೆಂದು ಲೆಕ್ಕಿಗರನ್ನು ಬೈಯುವಂತಿಲ್ಲ. ಮನೆಗೆಲಸಕ್ಕೆ ಪೇಟೆಯ ಬೆಲೆ ಇಲ್ಲ. ಅದನ್ನು ಸೇರಿಸಿದರೆ ಹೆಚ್ಚುಕಡಿಮೆ ಎಲ್ಲರೂ ಉದ್ಯೋಗಸ್ಥರಾಗಿ, ನಿರುದ್ಯೋಗ ಎನ್ನುವುದೇ ಪುಸ್ತಕದಿಂದ ಮಾಯವಾಗುತ್ತದೆ. ಬೆಲೆ ಏರಿಳಿತವನ್ನೂ ಕೆಲಸಗಳ ಏರಿಳಿತವನ್ನೂ ಹಿಡಿಯಲು ಮಾಡಿದ ಲೆಕ್ಕ ಅದು. ಅಮೆರಿಕದ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಲ್ಲಿನ ಸೆನೆಟ್‌ಗೆ ಕೊಟ್ಟ ವರದಿಯಲ್ಲಿ, ಇದರಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂದು ಎಚ್ಚರಿಸಿದ್ದರು. ಎಚ್ಚರಿಕೆ ಮೂಲೆಗೆ ಬಿತ್ತು, ಅಂಕಿ ಮಾತ್ರ ಮೆರವಣಿಗೆ ಹೊರಟಿತು.

ಮನೆಯೊಳಗಿನದು ಹೀಗಾದರೆ, ಊರಿನ ಕೆರೆಯದು ಇನ್ನೂ ವಿಚಿತ್ರ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ದಂಡೆಯ ಮೇಲೆ ಮೂಗು ಮುಚ್ಚಿಕೊಂಡು ನಿಂತವರಲ್ಲಿ ನಾನೂ ಒಬ್ಬ. ಇಂಥ ದಿನವನ್ನು ರಾಷ್ಟ್ರೀಯ ಲೆಕ್ಕದಲ್ಲಿ ಬರೆಯುವ ಕ್ರಮ ನೋಡಿ. ಮೀನು ಬಾಚಿದ ಕೂಲಿ, ಸಾಗಿಸಿದ ಲಾರಿಯ ಬಾಡಿಗೆ, ನೀರು ಪರೀಕ್ಷಿಸಿದ ಖರ್ಚು, ಹೂಳೆತ್ತುವ, ಕಳೆ ತೆಗೆಯುವ ಗುತ್ತಿಗೆ ಎಲ್ಲವೂ ಕೂಡುವ ಕಡೆಗೆ. ಸರ್ಕಾರ ಮಾಡುವ ಕೆಲಸಕ್ಕೆ ಮಾರುಕಟ್ಟೆ ಬೆಲೆ ಇಲ್ಲದ್ದರಿಂದ ಅದಕ್ಕೆ ತಗಲಿದ ವೆಚ್ಚವನ್ನೇ ಅದರ ಬೆಲೆಯೆಂದು ಹಿಡಿಯುತ್ತಾರೆ. ಕೆರೆ ಕೆಟ್ಟಿತು ಎಂಬುದನ್ನು ಕಳೆಯುವ ಸಾಲೇ ಇಲ್ಲ. ಅಕ್ಕನ ಗ್ರೈಂಡರಿಗೆ ಸವೆತ ಉಂಟು, ಹಲಸೂರು ಕೆರೆಗೆ ಇಲ್ಲ. ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವವರ ಉಸಿರಿಗೂ ಇಲ್ಲ.

ಹಾಗಾದರೆ ಮಾಡುವುದೇನು? ಜಿಡಿಪಿಯನ್ನು ಬಿಸಾಡುವುದಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡುವುದು. ಒಂದು ಪುಸ್ತಕ ಶುರುವಾಗಿದೆ. 2019ರಲ್ಲಿ, ಮತ್ತೆ 2024ರಲ್ಲಿ ಕೇಂದ್ರದ ಅಂಕಿಅಂಶ ಕಚೇರಿ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆ ನಡೆಸಿತು. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. 2024ರಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡಿದವರನ್ನಷ್ಟೇ ಹಿಡಿದರೆ, ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ದುಡಿದಿದ್ದರು. ಇದು ಜಿಡಿಪಿಗೆ ಸೇರದಿದ್ದರೂ ಕಣ್ಣಿಗಾದರೂ ಬಿತ್ತು.

ಆದರೆ ಸಮೀಕ್ಷೆ ನಾವು ಹೇಳಿದಷ್ಟೇ ನಿಜ. ಬೀದಿಗೆಲ್ಲ ಹಿಟ್ಟು ಮಾರುವ ಅಕ್ಕನನ್ನು ಯಾರಾದರೂ ಏನು ಮಾಡ್ತೀರಿ ಎಂದರೆ, "ಕೆಲಸಕ್ಕೆ ಹೋಗಲ್ಲ, ಮನೇಲೇ ಇರೋದು" ಎನ್ನುತ್ತಾರೆ. ಇಂಥ ಕಸುಬುಗಳಲ್ಲಿ ಕೆಲವರನ್ನು ಕೇಳಿ ಸರಾಸರಿ ಹಿಡಿದು ಜನರ ಸಂಖ್ಯೆಯಿಂದ ಗುಣಿಸುವ ಕ್ರಮ ಇವತ್ತಿಗೂ ಇದೆ. ಆ ಒಂದು ಮಾತಿಗೆ ಅವರ 220 ರೂಪಾಯಿಯೂ ಕೈಬಿಟ್ಟು ಹೋಗುತ್ತದೆ. ಲೆಕ್ಕದ ಗೆರೆ ಬದಲಿಸುವುದು ನಮ್ಮ ಕೈಲಿಲ್ಲ, ಉತ್ತರ ನಮ್ಮ ಕೈಲಿದೆ. ನಿಮ್ಮ ಮನೆಗೂ ಗಣತಿಯವರು ಬಂದರೆ ಯಜಮಾನರು ಬಾಗಿಲಲ್ಲೇ ನಿಂತು ಉತ್ತರಿಸಿ ಕಳಿಸಬೇಡಿ. ಒಳಗೆ ಒಲೆ ಮುಂದೆ ಇರುವವರನ್ನು ಕರೆಯಿರಿ, ಅವರ ದಿನವನ್ನು ಅವರೇ ಹೇಳಲಿ.