ತಪ್ಪಾಯ್ತು ಅನ್ನೋದು ಬೇರೆ, ತಪ್ಪು ಮಾಡ್ದೆ ಅನ್ನೋದು ಬೇರೆ

ಕಳೆದ ಏಪ್ರಿಲ್ 14ರ ಸಂಜೆ ವಿಜಯನಗರದಲ್ಲಿ ಅಂಬೇಡ್ಕರ್ ಜಯಂತಿ ಕಾರ್ಯಕ್ರಮ. ಮಾತಾಡ್ತಾ ಮಾತಾಡ್ತಾ ನನ್ನ ಅವ್ವನ ಕಥೆ ಹೇಳಿಬಿಟ್ಟೆ. ರಾಜಾಜಿನಗರದ ಮನೆಗಳಲ್ಲಿ ಪಾತ್ರೆ ತೊಳೆದು ನನ್ನನ್ನ, ನನ್ನ ತಂಗೀನ ಓದಿಸಿದವಳು ಅವಳು. ಅಂಥ ಒಂದು ಮನೆಯಲ್ಲಿ ಅವಳಿಗಾದ ಅವಮಾನವನ್ನ ಎಷ್ಟೋ ವರ್ಷದ ಹಿಂದೆ, ಒಂದು ರಾತ್ರಿ, ನನಗೊಬ್ಬನಿಗೇ ಹೇಳಿದ್ದಳು. ಅದೇನು ಅಂತ ಇಲ್ಲಿ ಬರೆಯಲ್ಲ. ಅದು ಅವಳದ್ದು. ಅವತ್ತು ಮೈಕ್ ಮುಂದೆ ನನಗೆ ಈ ಬುದ್ಧಿ ಇರಲಿಲ್ಲ. ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ಬಿತ್ತು. ಮೂರನೇ ಸಾಲಲ್ಲಿ ಅವ್ವ ಕೂತಿದ್ದಳು, ಪಕ್ಕದಲ್ಲಿ ಅವಳ ಬೀದಿಯ ಹೆಂಗಸರು.

ಕೆಂಗೇರಿವರೆಗೂ ಮೆಟ್ರೋದಲ್ಲಿ ಒಂದು ಮಾತಾಡಲಿಲ್ಲ. ಮನೆ ಬಾಗಿಲಲ್ಲಿ ನಿಂತು, "ನಿನ್ನ ಭಾಷಣಕ್ಕೆ ನಾನೇ ಬೇಕಿತ್ತೇನಪ್ಪಾ?" ಅಂದು ಒಳಗೆ ಹೋದಳು.

ನಾನು ಸುಮ್ಮನಿರಬೇಕಿತ್ತು. "ಅವ್ವ, ಅದನ್ನ ಸಮುದಾಯಕ್ಕೋಸ್ಕರ ಹೇಳಿದ್ದು. ನಾಚಿಕೆ ಪಡಬೇಕಾದವರು ಅವರು, ನೀನಲ್ಲ" ಅಂತ ಇನ್ನೊಂದು ಭಾಷಣ ಕೊಟ್ಟೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಮಾರನೇ ದಿನ ಫೋನ್ ಮಾಡಿ, "ನಿಂಗೆ ಬೇಜಾರಾಗಿದ್ರೆ ತಪ್ಪಾಯ್ತು ಬಿಡವ್ವ" ಅಂದೆ. "ಹೂಂ" ಅಂತ ಇಟ್ಟಳು. ಆಮೇಲೆ ನನ್ನ ಫೋನ್ ಎತ್ತೋದನ್ನೇ ಬಿಟ್ಟಳು.

ಬಸವೇಶ್ವರನಗರದಲ್ಲಿರೋ ತಂಗಿ ಹತ್ತಿರ ಹೋಗಿ, ಕ್ಷಮೆ ಕೇಳಿದ್ರೂ ಅವ್ವ ಹಟ ಮಾಡ್ತಿದ್ದಾಳೆ ಅಂತ ದೂರು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಣ್ಣ, ನಮ್ಮವರನ್ನ ಬೈದ ರಾಜಕಾರಣಿ ಮಾರನೇ ದಿನ 'ಯಾರ ಭಾವನೆಗಾದರೂ ಧಕ್ಕೆಯಾಗಿದ್ದರೆ ವಿಷಾದಿಸುತ್ತೇನೆ' ಅಂತಾನಲ್ಲ, ಫ್ರೀಡಂ ಪಾರ್ಕಲ್ಲಿ ನಿಂತು ನೀವು ಅದಕ್ಕೇ ಅಲ್ವಾ ಧಿಕ್ಕಾರ ಕೂಗೋದು? ನಿನ್ನ 'ಬೇಜಾರಾಗಿದ್ರೆ' ಬೇರೇನಾ?" ಅಂದಳು.

ಕಪಾಳಕ್ಕೆ ಬಿದ್ದ ಹಾಗಾಯ್ತು. "ಆಗಿದ್ರೆ" ಅಂದಾಗ, ನೋವಾಗಿದೆಯೋ ಇಲ್ಲವೋ ಅಂತ ಸಾಬೀತು ಮಾಡೋ ಹೊರೆ ನೊಂದವಳ ತಲೆ ಮೇಲೆ ಬೀಳುತ್ತೆ. "ತಪ್ಪಾಯ್ತು" ಅನ್ನೋದರಲ್ಲಿ ಮಾಡಿದವನೇ ಇಲ್ಲ. ಮಳೆ ಬಂತು, ಹೊತ್ತಾಯ್ತು ಅನ್ನೋ ಹಾಗೆ ತಪ್ಪೂ ತಾನಾಗೇ ಆಗಿಬಿಟ್ಟಿದೆ.

ನಮ್ಮವರಿಗೆ ಈ ಮಾತಿನ ಜೊತೆ ಹಳೇ ಗಾಯವೂ ಇದೆ. ನಮ್ಮಜ್ಜನ ಕಾಲದಲ್ಲಿ ಮಾಡದ ತಪ್ಪಿಗೂ ಕೈಕಟ್ಟಿ ನಿಂತು "ತಪ್ಪಾಯ್ತು ಬುದ್ಧಿ" ಅನ್ನಬೇಕಿತ್ತು, ದಂಡವನ್ನೂ ಕಟ್ಟಬೇಕಿತ್ತು. ಯಾರ ಮುಂದೆಯೂ ತಲೆ ತಗ್ಗಿಸಬೇಡ ಅಂತ ಕಲಿಸಿದ್ದು ಚಳವಳಿ. ಸರಿಯಾಗೇ ಕಲಿಸಿತು. ನಾನು ಮಾತ್ರ ಆ ಸೆಟೆದ ಕುತ್ತಿಗೆಯನ್ನ ಅವ್ವನ ಮುಂದೆಯೂ ತಂದೆ. ಅಜ್ಜನಿಂದ ಆ ಮಾತನ್ನ ಹೇಳಿಸಿದ್ದು ಭಯ. ಅವ್ವನ ಕೈಲಿ ಅಂಥ ಯಾವ ದಂಡವಿತ್ತು?

ಅದೇ ಭಾಷಣದಲ್ಲಿ ರಮಾಬಾಯಿಯವರನ್ನೂ ನೆನೆದಿದ್ದೆ. ಅವರು 1935ರಲ್ಲಿ ತೀರಿಕೊಂಡರು. ಬಾಬಾಸಾಹೇಬರು ಪಾಕಿಸ್ತಾನದ ಕುರಿತ ತಮ್ಮ ಪುಸ್ತಕವನ್ನ ಅವರಿಗೆ ಅರ್ಪಿಸಿದ್ದು 1940ರಲ್ಲಿ. ತನ್ನ ಬಗ್ಗೆ ಬರೆದ ಆ ಸಾಲುಗಳನ್ನ ಕೇಳೋಕೆ ರಮಾಬಾಯಿ ಇರಲಿಲ್ಲ. ನನ್ನ ಅವ್ವ ಇದ್ದಾಳೆ, ಕೆಂಗೇರಿಯಲ್ಲೇ.

ಹೋಗೋಕೆ ಮುಂಚೆ ಎರಡು ಕೆಲಸ ಮಾಡಿದೆ. ನನ್ನ ಪುಟದಿಂದ ಆ ವಿಡಿಯೋ ತೆಗೆದೆ. ಸಂಘಟಕರಿಗೆ ಹೇಳಿ ಅವರ ಹತ್ತಿರ ಇದ್ದದ್ದನ್ನೂ ತೆಗೆಸಿದೆ. ಆಗಲೇ ಶೇರ್ ಆಗಿ ಹೋದದ್ದನ್ನ ವಾಪಸ್ ತರೋಕಾಗಲ್ಲ ಅನ್ನೋದೂ ಆಗ ಅರ್ಥ ಆಯ್ತು.

ಅವ್ವ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸ್ತಾ ಕೂತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ. "ಅವ್ವ, ನೀನು ನಂಬಿ ಹೇಳಿದ್ದನ್ನ ನಿನ್ನ ಕೇಳದೆ ಊರ ಮುಂದೆ ಹೇಳ್ದೆ. ನಿನ್ನ ಬೀದಿಯವರ ಮುಂದೆ ನೀನು ತಲೆ ಎತ್ತದ ಹಾಗೆ ಮಾಡ್ದೆ. ನೀನು ಕೇಳಿದಾಗ ನಿಂಗೇ ಬುದ್ಧಿ ಹೇಳ್ದೆ. ನಾನು ಮಾಡಿದ್ದು ತಪ್ಪು. ವಿಡಿಯೋ ತೆಗೆಸಿದ್ದೀನಿ, ಕೆಲವರ ಫೋನಲ್ಲಿ ಉಳಿದಿರುತ್ತೆ. ಇನ್ಮೇಲೆ ನಿನ್ನ ಕೇಳದೆ ನಿನ್ನ ಮಾತು ಎಲ್ಲೂ ಎತ್ತಲ್ಲ." "ಆದ್ರೆ" ಅನ್ನೋದು ನಾಲಿಗೆ ತುದಿವರೆಗೂ ಬಂತು. ನುಂಗಿಕೊಂಡೆ.

ಅವಳು ಬೈದಳು, ತುಂಬ ಹೊತ್ತು. ಆವತ್ತಿನಿಂದ ನಲ್ಲಿ ಹತ್ತಿರ ಹೆಂಗಸರು "ಅಯ್ಯೋ ಪಾಪ" ಅಂತಾರಂತೆ. ಅವಳಿಗೆ ಬೇಡವಾಗಿದ್ದದ್ದು ಆ "ಪಾಪ"ವೇ. ನನಗದು ಗೊತ್ತೇ ಇರಲಿಲ್ಲ. ಮಧ್ಯೆ ಬಾಯಿ ಹಾಕದೆ ಕೂತಿದ್ದಕ್ಕೆ ಗೊತ್ತಾಯ್ತು.

ಕ್ಷಮಿಸಿದ್ದೀನಿ ಅಂತ ಅವ್ವ ಹೇಳಲಿಲ್ಲ. ನಾನೂ ಕೇಳಲಿಲ್ಲ. ಉಳಿದ ಸೊಪ್ಪನ್ನ ನನ್ನ ಕಡೆ ತಳ್ಳಿದಳು, ಬಿಡಿಸಿದೆ. ಈಗ ಫೋನ್ ಎತ್ತುತ್ತಾಳೆ. ಮೊದಲಿನಷ್ಟು ಮಾತಿಲ್ಲ.

ಇದನ್ನ ಹಾಕೋಕೆ ಮುಂಚೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತೆಗೆಸಿದಳು. ಅವಳು ಬಿಟ್ಟುಕೊಟ್ಟದ್ದು ಇಷ್ಟು.

ಜೈ ಭೀಮ್.