ನೀವು ಸಾಲ ಬೇಕೇ?

ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಗಿನಿಂದ ಹಳದಿ ಬಣ್ಣದ ಚೀಟಿಯೊಂದು ಜಾರಿ ಬಿತ್ತು. ಮೇಲೆ ದಪ್ಪಕ್ಷರದಲ್ಲಿ ‘ನೀವು ಸಾಲ ಬೇಕೇ?’ ಎಂದಿತ್ತು. ಅದರ ಕೆಳಗೆ, ‘ನೀವು ಗೊತ್ತೇ? ನಮ್ಮ ಬಡ್ಡಿ ಅತಿ ಕಡಿಮೆ!’ ಮಂಡ್ಯದ ಅರ್ಧ ಮನೆಗಳಿಗಾದರೂ ಹೋಗಿರಬೇಕು ಆ ಚೀಟಿ. ಕಾಫಿ ಆರುವವರೆಗೂ ಅದನ್ನೇ ನೋಡುತ್ತ ಕೂತೆ. ಸಿಟ್ಟೂ ಬಂತು, ನಗುವೂ ಬಂತು. ಬಡ್ಡಿ ಎಷ್ಟೆಂದು ನೋಡುವ ಮನಸ್ಸು ಮಾತ್ರ ಬರಲಿಲ್ಲ.

ಇಂಗ್ಲಿಷಿನಲ್ಲಿದ್ದದ್ದನ್ನು ಯಾರೋ ಪದಕ್ಕೆ ಪದ ಇಟ್ಟು ಕನ್ನಡ ಮಾಡಿದ್ದಾರೆ ಎಂಬುದು ಯಾರಿಗಾದರೂ ಹೊಳೆಯುತ್ತದೆ, ಅದನ್ನು ಬಿಡಿ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ‘ನೀವು ಬೇಕು’ ಅಪ್ಪಟ ಕನ್ನಡ. ಮದುವೆ ಮನೆಯಲ್ಲಿ ‘ಎಲ್ಲಾದಕ್ಕೂ ನೀವು ಬೇಕು ಕಣಣ್ಣ’ ಎನ್ನುತ್ತೇವೆ. ಅಲ್ಲಿ ‘ನೀವು’ ಎಂದರೆ ಬೇಕಾದವರು, ಬೇಕೆಂದು ಕೇಳುವವರಲ್ಲ. ಬೇಕೆನ್ನುವವನು ಯಾವಾಗಲೂ ‘ಗೆ’ ಹಚ್ಚಿಕೊಂಡೇ ಬರಬೇಕು: ನನಗೆ, ನಿಮಗೆ, ಅವನಿಗೆ. ಆ ‘ಗೆ’ ಕಿತ್ತರೆ ಅವನೇ ಬೇಕಾದ ವಸ್ತುವಾಗಿಬಿಡುತ್ತಾನೆ. ‘ನನಗೆ ಸಾಕು’ ಎಂದರೆ ಹೊಟ್ಟೆ ತುಂಬಿತು. ‘ನಾನು ಸಾಕು’ ಎಂದರೆ ಈ ಕೆಲಸಕ್ಕೆ ಇನ್ನೊಬ್ಬರು ಬೇಡ. ‘ನನಗೆ ಗೊತ್ತಿಲ್ಲ’ ಎನ್ನಲು ಹೋಗಿ ‘ನಾನು ಗೊತ್ತಿಲ್ಲ’ ಎಂದರೆ, ಕೇಳಿದವರು ‘ಯಾರಿಗೆ ಗೊತ್ತಿಲ್ಲ?’ ಎಂದು ಕಾಯುತ್ತಾರೆ. ತಪ್ಪು ಮಾತು ಅರ್ಥವಾಗದೆ ಹೋದರೆ ಇನ್ನೊಮ್ಮೆ ಕೇಳಿಯೇವು. ಇದು ಸರಾಗವಾಗಿ ತಲೆಕೆಳಗಾಗಿ ಅರ್ಥವಾಗುತ್ತದೆ, ತೊಂದರೆ ಅಲ್ಲಿದೆ.

ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವಾಗ ಸಿಗುವ ಒಂದು ಆಲೆಮನೆಯಲ್ಲಿ ಆಗಾಗ ಕೂರುತ್ತೇನೆ. ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಈಗ ಉತ್ತರದಿಂದ ಬಂದ ಕೆಲಸಗಾರರು ಬಹಳ. ಅಲ್ಲಿ ಕೊಪ್ಪರಿಗೆ ನೋಡಿಕೊಳ್ಳುವ ಹುಡುಗ ಉತ್ತರ ಪ್ರದೇಶದವನು. ಕನ್ನಡವನ್ನು ಪಾಕದ ಹೊಗೆಯಲ್ಲೇ ಕಲಿತವನು. ‘ನಂಗೆ ಗೊತ್ತು ಅಣ್ಣ’, ‘ನಂಗೆ ಟೀ ಬೇಕು’ — ಇವು ಅವನ ಬಾಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಆದರೆ ಮಾಲೀಕರು ಏನಾದರೂ ವಿವರಿಸಿ ಹೇಳಿದರೆ ‘ನಾನು ಅರ್ಥ ಆಯ್ತು’ ಎನ್ನುತ್ತಾನೆ. ಸಂಜೆ ಒಲೆ ಬಿಟ್ಟು ಬಂದವನು ‘ಅಣ್ಣಾ, ನಾನು ಸುಸ್ತಾಯ್ತು’ ಎಂದು ಕೂರುತ್ತಾನೆ.

ಅದೇ ಹುಡುಗ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು, ಯಾಕೆ? ಅವನ ಹಿಂದಿಯಲ್ಲೂ ‘ಮುಝೆ ಪತಾ ಹೈ’, ‘ಮುಝೆ ಚಾಹಿಯೇ’. ಅಲ್ಲಿಯೂ ಮನುಷ್ಯ ‘ನನಗೆ’ ಎಂದೇ ಬರುತ್ತಾನೆ, ಹಾಗಾಗಿ ಅವನಿಗೆ ದಾರಿ ಸಲೀಸು. ಅರ್ಥವಾಗುವುದಕ್ಕೆ, ಸುಸ್ತಾಗುವುದಕ್ಕೆ ಅವನಲ್ಲಿ ‘ಮೈ ಸಮಝ್ ಗಯಾ’, ‘ಮೈ ಥಕ್ ಗಯಾ’, ಅಲ್ಲಿ ‘ನಾನು’. ಎಡವುವುದು ಸರಿಯಾಗಿ ಅಲ್ಲೇ. ಅಮೆರಿಕದಲ್ಲಿ ಬೆಳೆದು ರಜೆಗೆ ಬರುವ ಮಕ್ಕಳಿಗೆ ಆ ಅರ್ಧ ದಾರಿಯೂ ಇಲ್ಲ. ಇಂಗ್ಲಿಷಿನಲ್ಲಿ ತಿಳಿಯುವವನು, ಬಯಸುವವನು, ಇಷ್ಟಪಡುವವನು ಎಲ್ಲರೂ ‘ನಾನು’ ಆದ್ದರಿಂದ ಅವರು ‘ನಾನು ನೀರು ಬೇಕು’ ಎಂದೇ ಶುರು ಮಾಡುತ್ತಾರೆ. ಒಬ್ಬರ ತಪ್ಪು ಕೇಳಿದರೆ ಅವರ ಮನೆಮಾತು ಯಾವುದೆಂದು ಊಹಿಸಬಹುದು.

ತಿದ್ದುವವರು ಕ್ರಿಯಾಪದದ ಬಾಲ ನೋಡಬೇಕು. ‘ನಾನು ಸುಸ್ತಾದೆ’ ಎಂದರೂ ಸರಿ, ‘ನನಗೆ ಸುಸ್ತಾಯ್ತು’ ಎಂದರೂ ಸರಿ. ಮೊದಲನೆಯದರಲ್ಲಿ ಕ್ರಿಯಾಪದ ‘ನಾನು’ ಎಂಬುದಕ್ಕೆ ಹೊಂದಿಕೊಂಡು ‘ಆದೆ’ ಆಗಿದೆ. ಹುಡುಗ ‘ನಾನು’ ಎಂದು ಹೊರಟು ‘ಆಯ್ತು’ ಎಂದು ನಿಂತ. ಆ ‘ಆಯ್ತು’ ಅವನನ್ನು ಕುರಿತದ್ದೇ ಅಲ್ಲ. ‘ನನಗೆ ಸಿಟ್ಟು ಬಂತು’ ಎನ್ನುವಾಗಲೂ ಬಂದದ್ದು ಸಿಟ್ಟು, ಬಾಲ ಅದಕ್ಕೆ ಸೇರಿದ್ದು. ಇನ್ನು ಬೇಕು, ಬೇಡ, ಸಾಕು, ಗೊತ್ತು ಇವಕ್ಕೆ ನಾನು-ನೀನು ಎಂಬ ಬಾಲ ಕಟ್ಟುವಂತೆಯೇ ಇಲ್ಲ.

ಇದನ್ನು ಬರೆಯುವಾಗ ಪಾಣಿನಿ ನೆನಪಾದ. ರುಚಿಸುವುದು ಎಂಬ ಅರ್ಥದ ಧಾತುಗಳಿಗೆಂದೇ ಅವನು ಒಂದು ಸೂತ್ರ ಮಾಡಿದ. ಯಾರಿಗೆ ರುಚಿಸಿತೋ ಅವನು ಸಂಪ್ರದಾನ, ಅಂದರೆ ಕೊಟ್ಟದ್ದನ್ನು ಪಡೆಯುವವನು. ವ್ಯಾಖ್ಯಾನಕಾರರ ಉದಾಹರಣೆಯಲ್ಲಿ ದೇವದತ್ತನಿಗೆ ರುಚಿಸುವುದು ಮೋದಕ. ಮದ್ದೂರಿನವರು ಬರೆದಿದ್ದರೆ ವಡೆ ಬರುತ್ತಿತ್ತು. ಶಾಲೆಯಲ್ಲಿ ನಮಗೂ ಆ ಸಂಪ್ರದಾನವನ್ನೇ ಹೇಳಿಕೊಟ್ಟರು: ಚತುರ್ಥಿ ಎಂದರೆ ಕೊಡುವುದು, ಬಡವನಿಗೆ ದಾನ ಕೊಟ್ಟನು. ಆದರೆ ‘ಮಳೆಯಲ್ಲಿ ನೆಂದು ಅವನಿಗೆ ಜ್ವರ ಬಂತು’ ಎಂಬ ವಾಕ್ಯ ನೋಡಿ. ನೆಂದವನು ಯಾರು? ಅವನು, ಜ್ವರವಲ್ಲ. ‘ಅವಳಿಗೆ ತನ್ನ ಊರು ಇಷ್ಟ’ ಎಂದರೆ ‘ತನ್ನ’ ಅವಳದೇ. ‘ಗೆ’ ಹಚ್ಚಿಕೊಂಡ ಈ ಮನುಷ್ಯ ದಾನ ತೆಗೆದುಕೊಂಡು ಮೂಲೆಯಲ್ಲಿ ನಿಂತವನಲ್ಲ, ವಾಕ್ಯದ ಯಜಮಾನ. ಕನ್ನಡದ ಭಾಷಾವಿಜ್ಞಾನಿ ಎಸ್.ಎನ್. ಶ್ರೀಧರ್ 1979ರಲ್ಲೇ ಈ ಚತುರ್ಥಿ ಕರ್ತೃಗಳ ಮೇಲೆ ಲೇಖನ ಬರೆದರು. ಡಿ.ಎನ್. ಶಂಕರ ಭಟ್ಟರ ಪುಸ್ತಕದ ಹೆಸರೇ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಕನ್ನಡವೇ ಅಲ್ಲಿ ‘ಗೆ’ಯ ತಮ್ಮ ‘ಕ್ಕೆ’ ಹಚ್ಚಿಕೊಂಡು ಯಜಮಾನನಾಗಿ ಕೂತಿದೆ.

ಹಾಗೆಂದು ತಿಳಿವಿಗೆಲ್ಲ ‘ಗೆ’ ಎಂದು ಪಾಠ ಮಾಡಿದರೆ ಮಳವಳ್ಳಿ ಕಡೆಯ ಮುದುಕಿಯರು ಒಪ್ಪುವುದಿಲ್ಲ. ಮೊಮ್ಮಗ ಎಲ್ಲಿ ಹೋದ ಎಂದು ಕೇಳಿದರೆ ‘ನಾ ಕಾಣೆ ಕಣಪ್ಪ’ ಎನ್ನುತ್ತಾರೆ. ಗೊತ್ತಿಲ್ಲ ಎಂದೇ ಅರ್ಥ, ಆದರೆ ಶುದ್ಧ ‘ನಾನು’. ಬಲ್ಲೆ, ಅರಿಯೆ ಎಂಬ ಹಳೆಯ ಮಾತುಗಳೂ ಹಾಗೆಯೇ. ಬಾಲದಲ್ಲಿ ‘ಎ’ ಇದೆಯಲ್ಲ, ಅದೇ ‘ನಾನು’ವನ್ನು ಕರೆಯುತ್ತದೆ.

ಈ ‘ಗೆ’ ಬೆಳಕಿಗೆ ಬರುವುದು ಜಗಳದಲ್ಲಿ. ಪಾಲಿನ ಜಗಳಕ್ಕೆ ಅರಳಿಕಟ್ಟೆಯ ಮೇಲೆ ಕೂತ ಅಣ್ಣತಮ್ಮಂದಿರ ಮಾತಿಗೆ ಕಿವಿಗೊಡಿ. ‘ಏನೋ, ನಂಗೆ ಸಿಟ್ ಬಂತು, ಒಂದ್ ಮಾತ್ ಅಂದೆ’ ಎನ್ನುತ್ತಾನೆ ಅಣ್ಣ. ‘ಬಂತಂತೆ! ನೀನು ಸಿಟ್ ಮಾಡ್ಕೊಂಡೆ’ ಎಂದು ತಮ್ಮ. ‘ನಂಗೆ ಮರ್ತೋಯ್ತು’ ಎಂದರೆ ‘ನೀನು ಬೇಕಂತ ಮರ್ತೆ’ ಎಂಬ ಉತ್ತರ ಸಿದ್ಧ. ತನ್ನ ವಿಷಯಕ್ಕೆ ‘ಗೆ’, ಎದುರಾಳಿಗೆ ‘ನೀನು’. ಯಾವ ಮೇಷ್ಟರೂ ಇದನ್ನು ಹೇಳಿಕೊಟ್ಟಿಲ್ಲ, ಓದು ಬರಹವಿಲ್ಲದವರೂ ಒಮ್ಮೆಯೂ ತಪ್ಪುವುದಿಲ್ಲ. ಹೊಣೆ ಯಾರ ತಲೆಗೆ ಎಂಬುದನ್ನು ಒಂದು ಅಕ್ಷರ ತೀರ್ಮಾನಿಸುತ್ತದೆ. ‘ಗೆ’ ಬಿಟ್ಟು ಮಾತು ಕಲಿತವರಿಗೆ ಈ ಜಗಳವನ್ನು ಆಡುವುದಕ್ಕೂ ಬರುವುದಿಲ್ಲ, ರಾಜಿ ಮಾಡಿಕೊಳ್ಳುವುದಕ್ಕೂ ಬರುವುದಿಲ್ಲ ಎಂಬುದೇ ನನ್ನ ಸಂಕಟ.

ಅಳುವಿನ ಮಾತೂ ಇದೇ. ‘ನನಗೆ ಅಳು ಬಂತು, ಆದರೆ ಅಳಲಿಲ್ಲ’ ಎಂದು ನಾವು ಹೇಳಬಲ್ಲೆವು. ಅಳು ಬರುವುದು ಒಂದು, ಅಳುವುದು ಇನ್ನೊಂದು. ನಗು ಬರುವುದು, ನಗುವುದು. ನಿದ್ದೆ ಬರುವುದು, ನಿದ್ದೆ ಮಾಡುವುದು. ಸೀನು ಬರುವುದು, ಸೀನುವುದು. ಸೀನು ಬಂದು ಸೀನದೆ ಉಳಿಯುವ ಆ ಗಳಿಗೆಯ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆಯಬೇಕು. ಶುಭಕಾರ್ಯಕ್ಕೆ ಹೊರಟವರ ಎದುರು ಅದನ್ನು ತಡೆಹಿಡಿಯಲು ನಮ್ಮಜ್ಜಿ ಮೂಗಿನ ಬುಡವನ್ನು ಹೇಗೆ ಒತ್ತಿ ಹಿಡಿಯುತ್ತಿದ್ದರು ಎಂಬುದೂ ಸೇರಿ.