ನೂರು ಪೆಟ್ಟಿಗೆಯ ಲೆಕ್ಕ

ನಮ್ಮ ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕರಡಿಧಾಮದ ಬಗ್ಗೆ ಒಂದು ಬೋರ್ಡ್ ಆಟ ಮಾಡಬೇಕೆಂದು ನಾನು ಮತ್ತು ನನ್ನ ಗೆಳೆಯ ಕಳೆದ ವರ್ಷ ಹೊರಟೆವು. ಶೇಂಗಾ ಹೊಲ ಕಾಯುವವರು ಒಂದು ಕಡೆ, ಎಲೆಗಳಲ್ಲಿ ಅಡಗಿರುವ ಕರಡಿ ಇನ್ನೊಂದು ಕಡೆ. ಆಟ ಕಟ್ಟುವುದು ಎರಡು ತಿಂಗಳಲ್ಲಿ ಮುಗಿಯಿತು. ಎಷ್ಟು ಅಚ್ಚು ಹಾಕಿಸುವುದು, ಎಷ್ಟಕ್ಕೆ ಮಾರುವುದು ಎಂದು ತೀರ್ಮಾನಿಸಲು ಮೂರು ತಿಂಗಳು ಹಿಡಿಯಿತು. ಹಣ ಆಪಾದು. ಬಟ್ಟೆ ಹೊಲಿದು ಕೂಡಿಟ್ಟ 20,000 ರೂಪಾಯಿ.

ಮೊದಲ ಎಲೆಗಳನ್ನು ತೆಳು ಕಾಗದದ ಮೇಲೆ ತೆಗೆಸಿದ್ದೆವು. ಮೂರು ದಿನ ಮನೆಯಲ್ಲಿ ಆಡಿದೆವು, ಜೊತೆಗೆ ಮಂಡಕ್ಕಿ-ಮಿರ್ಚಿಯೂ ಇತ್ತು. ನಾಲ್ಕನೇ ದಿನ ಕರಡಿ ಎಲೆಯ ಮೂಲೆಯಲ್ಲಿ ಎಣ್ಣೆ ಕಲೆ ಕಂಡು ನನ್ನ ತಮ್ಮ, 'ಕರಡಿ ಅವನ ಕೈಯಾಗೈತಿ' ಎಂದುಬಿಟ್ಟ. ಅಡಗಿಸಿಡುವ ಆಟದಲ್ಲಿ ಹಿಂಭಾಗ ನೋಡಿ ಎಲೆ ಗುರುತು ಸಿಕ್ಕರೆ ಆಟವೇ ಮುಗಿದಂತೆ. ಆದ್ದರಿಂದ ಎಲೆಗೆ ದುಡ್ಡು ಹಾಕಲೇಬೇಕೆಂದು ನಿರ್ಧರಿಸಿದೆವು: 300 ಜಿಎಸ್‌ಎಂ ಕಾಗದ, ಎರಡೂ ಬದಿಗೆ ಲ್ಯಾಮಿನೇಷನ್. ಒಂದೇ ಬದಿಗೆ ಹಾಕಿಸಿದರೆ ಎಲೆ ಬಾಗುತ್ತದೆ. ಹಿಂಭಾಗದ ಚಿತ್ರಕ್ಕೆ ಸುತ್ತ ಬಿಳಿ ಅಂಚು ಬಿಟ್ಟಿದ್ದೆವು, ಅದು ನಮ್ಮ ತಪ್ಪು. ಕತ್ತರಿಸುವಾಗ ಕೂದಲೆಳೆಯಷ್ಟು ಸರಿದರೂ ಅಂಚು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಕಾಣುತ್ತದೆ, ಅದೂ ಗುರುತೇ. ಅಂಚು ತೆಗೆದು ಹಿಂಭಾಗ ಪೂರ್ತಿ ಒಂದೇ ಹುಲ್ಲಿನ ವಿನ್ಯಾಸ ಮಾಡಿದೆವು.

ಎಲೆಗಳು ಮೊದಲು 54 ಇದ್ದವು. ಪ್ರಿಂಟಿಂಗ್ ಅಂಗಡಿಯವರು ಹಾಳೆ ತೋರಿಸಿದರು: ಡಿಜಿಟಲ್ ಯಂತ್ರದ 13×19 ಇಂಚಿನ ಒಂದು ಹಾಳೆಯಲ್ಲಿ ನಮ್ಮ ಅಳತೆಯ 25 ಎಲೆ ಕೂರುತ್ತವೆ. 54 ಎಂದರೆ ನಾಲ್ಕು ಎಲೆಗಾಗಿ ಮೂರನೇ ಹಾಳೆ! ನಾಲ್ಕು ಎಲೆ ಕೈಬಿಟ್ಟೆವು. ಆಟಕ್ಕೇನೂ ಕೊರತೆ ಬರಲಿಲ್ಲ. ನಿಜ ಹೇಳಬೇಕೆಂದರೆ ಆ ನಾಲ್ಕು ಬೇಡವೇ ಆಗಿದ್ದವು.

ಬೋರ್ಡಿನ ರಟ್ಟಿಗೆ ಮೇಲ್ಗಡೆ ಮಾತ್ರ ಚಿತ್ರ ಅಂಟಿಸಿದಾಗ ಅದು ಒಣಗುತ್ತಾ ದೋಣಿಯಂತೆ ಬಾಗಿತು. ಕೆಳಗೂ ಒಂದು ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗಿ ನೆಟ್ಟಗೆ ನಿಲ್ಲುತ್ತದೆ. ಉಳಿದ ಕಡೆ ಕೈ ಬಿಗಿ ಹಿಡಿದೆವು. ದಾಳದ ಬದಲು ಚೌಕಾಬಾರದಂತೆ ಒಂದು ಬದಿ ಉಜ್ಜಿದ ಹುಣಸೆ ಬೀಜ, ಕಾಯಿಗಳಿಗೆ ಆಪಾ ಆರಿಸಿಕೊಟ್ಟ ಎರಡು ಬಣ್ಣದ ಗುಂಡಿ. ಮ್ಯಾಗ್ನೆಟ್ ಮುಚ್ಚಳದ ಪೆಟ್ಟಿಗೆ 140 ರೂಪಾಯಿ ಎಂದರು. ಸಾದಾ ಪೆಟ್ಟಿಗೆ 45. ಅದೇ ಸಾಕೆಂದೆವು. ಎಲೆ 70, ಬೋರ್ಡ್ 60, ಪೆಟ್ಟಿಗೆ 45, ನಿಯಮದ ಹಾಳೆ 3, ಗುಂಡಿ 7. ಒಟ್ಟು 185.

ಆಗ ಆಸೆ ಹುಟ್ಟಿಸಿದ್ದು ಆಫ್‌ಸೆಟ್. ಅದರಲ್ಲಿ ಪ್ಲೇಟು ಮತ್ತು ಯಂತ್ರ ಹೊಂದಿಸುವ ಖರ್ಚು ಒಂದೇ ಸಲ, ಆಮೇಲೆ ಪ್ರತಿ ಪ್ರತಿಗೂ ಬೀಳುವುದು ಕಡಿಮೆ. 500 ಪೆಟ್ಟಿಗೆಗೆ 46,000, ಅಂದರೆ ಒಂದಕ್ಕೆ 92. 'ಅರ್ಧಕ್ಕರ್ಧ ಉಳಿತಾಯ' ಎಂದು ಗೆಳೆಯ ಕುಣಿದ. ನಾನೂ ಕುಣಿದೆ. ಸಾಲ ಎಲ್ಲಿ ತರುವುದೆಂದು ಕೂಡ ಯೋಚಿಸಿದ್ದೆವು.

ಕಾಮರ್ಸ್ ನೋಟ್‌ಬುಕ್ಕಿನ ಸಮಬಿಂದುವಿನ ಲೆಕ್ಕವೇ ನಮ್ಮನ್ನು ತಡೆಯಿತು. ಬೆಲೆ 300 ಎಂದಿಟ್ಟರೆ ಆಫ್‌ಸೆಟ್ಟಿನಲ್ಲಿ ಹಾಕಿದ ದುಡ್ಡು ಬರಲು 154 ಪೆಟ್ಟಿಗೆ ಮಾರಬೇಕು. ಡಿಜಿಟಲ್‌ನಲ್ಲಿ 100 ಹಾಕಿಸಿದರೆ 62 ಸಾಕು. ನೂರೇ ಜನ ಕೊಂಡರು ಎಂದಿಟ್ಟುಕೊಳ್ಳಿ: ಇಲ್ಲಿ 11,500 ಲಾಭ, ಅಲ್ಲಿ 16,000 ನಷ್ಟ, ಜೊತೆಗೆ ಮಂಚದ ಕೆಳಗೆ 400 ಪೆಟ್ಟಿಗೆ. ಹಾಗಾದರೆ ಕೊಳ್ಳುವವರು ಎಷ್ಟು? 'ನನಗೊಂದು ಬೇಕು' ಎಂದವರ ಹೆಸರು ಬರೆದರೆ 61 ಆಯಿತು. ನೂರು ರೂಪಾಯಿ ಮುಂಗಡ ಕೇಳಿದೆವು. ಕೊಟ್ಟವರು 38. ಆ ದಿನವೇ 500ರ ಮಾತು ನಿಂತಿತು.

ಬೆಲೆಯನ್ನು ನಾನು ಮೊದಲು 250 ಎಂದಿದ್ದೆ. ಲೂಡೋ ನೂರರೊಳಗೆ ಸಿಗುವ ಊರಿನಲ್ಲಿ ಅದೇ ಹೆಚ್ಚೆಂದು ನನ್ನ ಅಂಜಿಕೆ. ಬಸ್ ನಿಲ್ದಾಣದ ಹತ್ತಿರ ಫ್ಯಾನ್ಸಿ ಅಂಗಡಿ ಇಟ್ಟಿರುವ ಮಾಮು ಕೇಳಿದರು, 'ನಾನು ಇಟ್ಟರೆ ನನಗೆಷ್ಟು ಬಿಡ್ತೀಯ ಬೇಟಾ? ನೂರಕ್ಕೆ ಮೂವತ್ತಾದ್ರೂ ಬೇಕಲ್ಲ.' 250ರಲ್ಲಿ ಅವರದು ಹೋದರೆ ನನಗೆ 175. ಪ್ರತಿ ಪೆಟ್ಟಿಗೆಗೂ ಹತ್ತು ರೂಪಾಯಿ ಕೈಯಿಂದ ಕೊಟ್ಟು ಮಾರಿದಂತೆ! 300ಕ್ಕೆ 210 ಬರುತ್ತದೆ. 350 ಎಂದಾಗ ಮುಂಗಡ ಕೊಟ್ಟವರೇ ಮುಖ ನೋಡಿಕೊಂಡರು. 300ಕ್ಕೆ ನಿಂತೆವು.

ಒಂದು ಖರ್ಚು ಮಾತ್ರ ಲೆಕ್ಕಕ್ಕೇ ಬಂದಿರಲಿಲ್ಲ. ಮಾದರಿ ಪೆಟ್ಟಿಗೆಗಳು ಮತ್ತು ಹೊಸಪೇಟೆಗೆ ಓಡಾಡಿದ ಬಸ್ ಚಾರ್ಜು ಸೇರಿ 1,400. ಒಟ್ಟು 19,900 ಆಯಿತು, ಅಂದರೆ ಒಂದು ಪೆಟ್ಟಿಗೆಗೆ 199. ಅಂಗಡಿಯಲ್ಲಿ ಮಾರಿದರೆ ಉಳಿಯುವುದು ಹನ್ನೊಂದು ರೂಪಾಯಿ.

ಇಲ್ಲಿಯವರೆಗೆ ನೇರವಾಗಿ 58, ಮಾಮು ಅಂಗಡಿಯಿಂದ 15 ಹೋಗಿವೆ. ನಾಲ್ಕನ್ನು ಸುಮ್ಮನೆ ಕೊಟ್ಟೆವು. ಬಂದದ್ದು 20,550. ಆಪಾಳ ಹಣ ವಾಪಸ್ ಕೊಟ್ಟಾಯಿತು, ನಮ್ಮ ಲಾಭ 650. ಅಲ್ಮೇರಾ ಮೇಲೆ 23 ಪೆಟ್ಟಿಗೆ ಇವೆ. ನಿನ್ನೆ ಮಾಮು ಇನ್ನೈದು ಕಳಿಸು ಎಂದರು.